ಸುಸ್ತಿ ಬಡ್ಡಿಯ ಮೀಟರು

ನಾನು ಖಜಾಂಚಿಯಾಗಿದ್ದ ಎರಡು ವರ್ಷಗಳಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಮೂರು ಸಲ ಕೈಕೊಟ್ಟಿತು, ಒಂದು ಬೋರ್‌ವೆಲ್ ಬತ್ತಿತು, ಸಂಪಿನ ಗೋಡೆ ಸೀಳಿತು. ಅವಕ್ಕೆಲ್ಲ ಅಷ್ಟೇನೂ ಮಾತು ಬೆಳೆಯಲಿಲ್ಲ. ಮಾತು ಬೆಳೆದದ್ದು ನೂರ ಹದಿನೇಳು ರೂಪಾಯಿಗೆ.

ಮೂರನೇ ಮಹಡಿಯ ಹಿರಿಯರೊಬ್ಬರು, ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ನೋಡಿ ನಿವೃತ್ತರಾದವರು, ಒಂದು ಸಂಜೆ ಬಿಲ್ಲು ಹಿಡಿದುಕೊಂಡು ಕೆಳಗೆ ಬಂದರು. ಕನ್ನಡಕ ಸರಿಮಾಡಿಕೊಂಡು, ಬಿಲ್ಲಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ನೋಡಿ ಇವರೇ, ನಾನು ಚೆಕ್ಕು ಹಾಕಿದ್ದು ಇಪ್ಪತ್ತೊಂಬತ್ತನೇ ದಿನ. ನೀವು ಮೂವತ್ತೊಂದು ದಿನ ಅಂತ ಹಿಡಿದಿದ್ದೀರಿ. ಅದು ಹೋಗಲಿ ಬಿಡಿ, ಎರಡು ದಿನ ಹೆಚ್ಚಾದರೆ ಇಪ್ಪತ್ತೈದೋ ಮೂವತ್ತೋ ರೂಪಾಯಿ ಹೆಚ್ಚಾಗಬೇಕು. ನೂರ ಹದಿನೇಳು ಎಲ್ಲಿಂದ ಬಂತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕ ಮಾಡಿದ್ದು ಕಂಪ್ಯೂಟರಿನ ಹಾಳೆ. ಹಾಳೆಗೆ ಸೂತ್ರ ಬರೆದದ್ದು ನನಗಿಂತ ಮುಂಚಿನ ಖಜಾಂಚಿ. ಅವರು ಮನೆ ಮಾರಿಕೊಂಡು ಹೋಗಿ ಆಗಲೇ ವರ್ಷವಾಗಿತ್ತು. ಆ ರಾತ್ರಿ ಕೂತು ಸೂತ್ರ ಬಿಚ್ಚಿ ನೋಡಿದಾಗ ಗೊತ್ತಾದದ್ದನ್ನು ಈ ಸಲ ಆಯ್ಕೆಯಾದ ಹೊಸ ಖಜಾಂಚಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅಪಾರ್ಟ್‌ಮೆಂಟ್ ಸಂಘ, ಬಡಾವಣೆಯ ನಿವಾಸಿಗಳ ಸಂಘ, ಹೌಸಿಂಗ್ ಸೊಸೈಟಿ ಯಾವುದಿದ್ದರೂ ಅಲ್ಲೊಬ್ಬ ಖಜಾಂಚಿ ಇರುತ್ತಾನೆ, ಬಿಲ್ಲು ಹಿಡಿದು ಬರುವವರೂ ಇರುತ್ತಾರೆ. ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸಂಘದ ನಿರ್ಣಯ ಏನಿತ್ತು ಎಂದು ಹೇಳಬೇಕು. ಮೇಂಟೆನೆನ್ಸ್ ಆರು ತಿಂಗಳಿಗೊಮ್ಮೆ, ಏಪ್ರಿಲ್ 10 ಮತ್ತು ಅಕ್ಟೋಬರ್ 10ರ ಒಳಗೆ ಕಟ್ಟಬೇಕು. ತಡವಾದರೆ ಸುಸ್ತಿ ಬಡ್ಡಿ. ಮಹಾಸಭೆಯ ನಡಾವಳಿ ಪುಸ್ತಕದಲ್ಲಿ ಹೀಗೆ ಬರೆದಿತ್ತು: "30 ದಿನದವರೆಗೆ ಶೇ. 12, 90 ದಿನದವರೆಗೆ ಶೇ. 15, ಅದಕ್ಕೂ ಮೇಲ್ಪಟ್ಟು ಶೇ. 18 ಬಡ್ಡಿ ವಿಧಿಸತಕ್ಕದ್ದು." ಓದಿದರೆ ಎಲ್ಲ ಸ್ಪಷ್ಟವಾಗಿದೆ ಅನ್ನಿಸುತ್ತದೆ. ಸಭೆಯಲ್ಲಿ ಕೈ ಎತ್ತಿದವರಿಗೂ ಹಾಗೇ ಅನ್ನಿಸಿರಬೇಕು.

ಒಂದು ಅಸ್ಪಷ್ಟತೆಯನ್ನು ಆಗಲೇ ಗುರುತಿಸಬಹುದಿತ್ತು. ಈ ಶೇಕಡಾ ವರ್ಷಕ್ಕೋ ತಿಂಗಳಿಗೋ? ನಮ್ಮ ಕಡೆ "ಎರಡು ರೂಪಾಯಿ ಬಡ್ಡಿ" ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. ಬ್ಯಾಂಕಿನಲ್ಲಿ ಶೇಕಡಾ ಎಂದರೆ ವರ್ಷದ ಮಾತು. ಒಂದೇ ಸಭೆಯಲ್ಲಿ ಈ ಎರಡೂ ಭಾಷೆಯವರು ಕೂತಿರುತ್ತಾರೆ. 12, 15, 18 ಎಂದರೆ ಯಾರೂ ತಿಂಗಳಿಗೆ ಎಂದುಕೊಳ್ಳಲಾರರು, ಸರಿ. ಆದರೆ ಹಲವು ಸಂಘಗಳ ನಿರ್ಣಯದಲ್ಲಿ "ಶೇ. 2" ಎಂದಷ್ಟೇ ಇರುತ್ತದೆ, ಅಲ್ಲಿ ಇದು ನಿಜವಾದ ತೊಡಕು. "ವಾರ್ಷಿಕ" ಎಂಬ ಒಂದು ಪದ ಸೇರಿಸಿದರೆ ಮುಗಿಯಿತು.

ನಮ್ಮ ಜಗಳದ ಬೇರು ಇನ್ನೊಂದು ಕಡೆ ಇತ್ತು.

ಆಕೆಯ ಫ್ಲ್ಯಾಟಿನ ಆರು ತಿಂಗಳ ಮೇಂಟೆನೆನ್ಸ್ ₹36,500. ಬಡ್ಡಿ ಲೆಕ್ಕ ಹೇಳಿಕೊಡುವವರಿಗೆ ಇದಕ್ಕಿಂತ ಅನುಕೂಲದ ಮೊತ್ತ ಸಿಗದು. ಈ ಅಸಲಿನ ಮೇಲೆ ವರ್ಷಕ್ಕೆ ಶೇ. 1 ಎಂದರೆ ₹365, ದಿನಕ್ಕೆ ಸರಿಯಾಗಿ ಒಂದು ರೂಪಾಯಿ. ಶೇ. 12 ಆದರೆ ದಿನಕ್ಕೆ ₹12, ಶೇ. 15 ಆದರೆ ₹15, ಶೇ. 18 ಆದರೆ ₹18. ಕ್ಯಾಲ್ಕುಲೇಟರ್ ಬೇಡ, ಬಾಯಿಲೆಕ್ಕ ಸಾಕು.

ಈಗ ಮೂವತ್ತು ದಿನ ತಡವಾದವರು ಕೊಡಬೇಕಾದ್ದು ಮೂವತ್ತು ಹನ್ನೆರಡಲಿ ₹360. ಇದರಲ್ಲಿ ಯಾರಿಗೂ ತಕರಾರಿಲ್ಲ. ಮೂವತ್ತೊಂದನೇ ದಿನ ಕಟ್ಟಿದವರು ಎಷ್ಟು ಕೊಡಬೇಕು?

ಒಂದು ಓದು ಹೀಗೆ: ಮೊದಲ ಮೂವತ್ತು ದಿನಕ್ಕೆ ದಿನಕ್ಕೆ ₹12ರಂತೆ ₹360, ಮೂವತ್ತೊಂದನೇ ದಿನವೊಂದಕ್ಕೆ ₹15, ಒಟ್ಟು ₹375. ಆಯಾ ಹಂತದ ದಿನಗಳಿಗೆ ಆಯಾ ಹಂತದ ದರ. ಆದಾಯ ತೆರಿಗೆಯಲ್ಲಿ ಹೀಗೇ ನಡೆಯುತ್ತದೆ. ನಿಮ್ಮ ಆದಾಯ ಮೇಲಿನ ಹಂತಕ್ಕೆ ಒಂದು ರೂಪಾಯಿಯಷ್ಟು ದಾಟಿದರೆ ಆ ಒಂದು ರೂಪಾಯಿಗೆ ಮಾತ್ರ ಮೇಲಿನ ದರ ಬೀಳುತ್ತದೆ, ಕೆಳಗಿನದು ಹಾಗೇ ಉಳಿಯುತ್ತದೆ. ಇದನ್ನು "ಹಂತವಾರು" ಓದು ಎನ್ನೋಣ.

ಇನ್ನೊಂದು ಓದು ಹೀಗೆ: ಮೂವತ್ತು ದಿನ ದಾಟಿದಿರಿ, ಆದ್ದರಿಂದ ನಿಮ್ಮ ದರ ಈಗ ಶೇ. 15. ಅದು ಮೊದಲ ದಿನದಿಂದಲೇ ಲಾಗೂ. ಮೂವತ್ತೊಂದು ಹದಿನೈದಲಿ ₹465. ಇದನ್ನು "ಪೂರಾ ದರ" ಎನ್ನೋಣ.

ನಡಾವಳಿ ಪುಸ್ತಕದ ಆ ವಾಕ್ಯ ಎರಡಕ್ಕೂ ಒಗ್ಗುತ್ತದೆ. ತಮಾಷೆ ಎಂದರೆ, ಸಭೆಯಲ್ಲಿ ಈ ಪ್ರಶ್ನೆ ಎದ್ದೇ ಇರಲಿಲ್ಲ. ತೀರ್ಮಾನ ಮಾಡಿದ್ದು ಹಿಂದಿನ ಖಜಾಂಚಿಯವರ ಹಾಳೆಯ ಈ ಸೂತ್ರ:

```
=C2*D2*IF(D2>90,18,IF(D2>30,15,12))/36500
```

C2ನಲ್ಲಿ ಅಸಲು, D2ನಲ್ಲಿ ತಡವಾದ ದಿನಗಳು. ದಿನ ಎಷ್ಟೆಂದು ನೋಡಿ ಒಂದು ದರ ಆರಿಸಿ, ಅದನ್ನು ಅಷ್ಟೂ ದಿನಕ್ಕೆ ಗುಣಿಸು ಎನ್ನುತ್ತದೆ ಇದು. ಕಂಪ್ಯೂಟರಿನಲ್ಲಿ ಸ್ವಲ್ಪ ಕೈ ಪಳಗಿದ ಯಾರಾದರೂ ಮೊದಲು ಬರೆಯುವ ಸೂತ್ರ ಇದೇ. ಬರೆದವರಿಗೆ ತಾವು ಪೂರಾ ದರವನ್ನು ಆರಿಸಿಕೊಂಡೆವು ಎಂಬುದು ಹೊಳೆದಿರಲಾರದು. ಸೂತ್ರ ತಪ್ಪು ತೋರಿಸುವುದಿಲ್ಲ, ಕೆಂಪು ಗುರುತು ಬರುವುದಿಲ್ಲ, ಅಂಕಿಯೂ ಅಸಂಬದ್ಧ ಎನ್ನಿಸುವುದಿಲ್ಲ.

ಆ ಹಿರಿಯರ ಬಿಲ್ಲಿಗೆ ಇದನ್ನು ಹಚ್ಚಿ ನೋಡಿ. 2025ರ ಏಪ್ರಿಲ್ 10 ಗಡುವು. ಏಪ್ರಿಲ್ 11 ಮೊದಲ ದಿನ, ಮೇ 10 ಮೂವತ್ತನೇ ದಿನ. ಆಕೆ ಮೇ 9ರ ಶುಕ್ರವಾರ ಸಂಜೆ ಕಚೇರಿಯ ಡಬ್ಬಿಗೆ ಚೆಕ್ಕು ಹಾಕಿದ್ದರು, ಇಪ್ಪತ್ತೊಂಬತ್ತನೇ ದಿನ. ಮರುದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ನಾನು ಡಬ್ಬಿ ತೆಗೆದದ್ದು ಭಾನುವಾರ, ಮೇ 11ರಂದು, ಪುಸ್ತಕದಲ್ಲಿ ಬರೆದದ್ದೂ ಅದೇ ತಾರೀಖು. ಇಪ್ಪತ್ತೊಂಬತ್ತು ದಿನಕ್ಕೆ ₹348 ಆಗಬೇಕಿದ್ದದ್ದು ಹಾಳೆಯಲ್ಲಿ ₹465 ಆಯಿತು. ವ್ಯತ್ಯಾಸ ₹117. ಹಂತವಾರು ಲೆಕ್ಕ ಹಾಕಿದ್ದರೆ ನನ್ನ ಸೋಮಾರಿತನಕ್ಕೆ ಆಕೆ ತೆರಬೇಕಾಗಿದ್ದ ಬೆಲೆ ₹27 ಮಾತ್ರ.

(ತಾರೀಖಿನ ತಪ್ಪು ಪೂರ್ತಿ ನನ್ನದೇ. ಚೆಕ್ಕು ಪಾಸಾದರೆ, ಅದನ್ನು ಕೊಟ್ಟ ದಿನವೇ ಹಣ ಕೊಟ್ಟ ದಿನ ಎಂಬುದು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿಕೊಂಡು ಬಂದಿರುವ ಮಾತು. ಅಂದಿನಿಂದ ಡಬ್ಬಿಯ ಪಕ್ಕ ಒಂದು ರಿಜಿಸ್ಟರು ಮತ್ತು ದಾರ ಕಟ್ಟಿದ ಪೆನ್ನು ಇದೆ. ಚೆಕ್ಕು ಹಾಕುವವರೇ ತಾರೀಖು ಬರೆದು ಸಹಿ ಮಾಡುತ್ತಾರೆ. ಪೆನ್ನು ಮಾತ್ರ ಎರಡು ಸಲ ಕಾಣೆಯಾಯಿತು.)

ಪೂರಾ ದರದ ತೊಂದರೆ ಇರುವುದು ಇಂಥ ಅಂಚುಗಳಲ್ಲೇ. ಮೂವತ್ತರಿಂದ ಮೂವತ್ತೊಂದಕ್ಕೆ ಕಾಲಿಟ್ಟ ಒಂದೇ ದಿನಕ್ಕೆ ಬಡ್ಡಿ ₹360ರಿಂದ ₹465ಕ್ಕೆ, ₹105 ಜಿಗಿಯುತ್ತದೆ. ತೊಂಬತ್ತನೇ ದಿನ ₹1,350 ಇದ್ದದ್ದು ತೊಂಬತ್ತೊಂದನೇ ದಿನ ₹1,638 ಆಗುತ್ತದೆ, ಒಂದು ದಿನಕ್ಕೆ ₹288. ಅಂಚಿನ ಆ ಒಂದು ದಿನಕ್ಕೆ ಇಷ್ಟು ಬೆಲೆ ಇದ್ದಾಗ ಜಗಳಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಚೆಕ್ಕು ಯಾವಾಗ ಹಾಕಿದ್ದು, ಡಬ್ಬಿ ಯಾವಾಗ ತೆಗೆದದ್ದು, ಹಣ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹೋಯಿತೋ ಹನ್ನೆರಡೂ ಕಾಲಿಗೆ ಹೋಯಿತೋ ಎಂದು.

ಇನ್ನೊಂದು ತೊಂದರೆ ಪುಸ್ತಕ ಬರೆಯುವವರಿಗೆ ಮಾತ್ರ ಕಾಣುತ್ತದೆ. ಮೂವತ್ತನೇ ದಿನಕ್ಕೆ ಒಬ್ಬರಿಗೆ "ಈವರೆಗಿನ ಬಡ್ಡಿ ₹360" ಎಂದು ನೆನಪಿನ ಪತ್ರ ಕಳಿಸಿದ್ದೀರಿ, ಪುಸ್ತಕದಲ್ಲೂ ಬರೆದುಕೊಂಡಿದ್ದೀರಿ. ಮಾರನೇ ದಿನ ಅದೇ ಮೂವತ್ತು ದಿನಕ್ಕೆ ಬಡ್ಡಿ ₹450 ಆಗಿಬಿಡುತ್ತದೆ. ಆಗಿಹೋದ ದಿನಗಳ ಬೆಲೆ ಹಿಂದಿನಿಂದ ಬದಲಾಗುತ್ತದೆ. ಲೆಕ್ಕ ತಪಾಸಣೆಗೆ ಬಂದವರಿಗೆ ಹಳೆಯ ಪತ್ರವನ್ನೂ ಹೊಸ ಬಿಲ್ಲನ್ನೂ ಹೊಂದಿಸಿ ತೋರಿಸುವುದು ತಲೆನೋವು.

ಹಂತವಾರು ಲೆಕ್ಕಕ್ಕೆ ಒಂದು ಒಳ್ಳೆಯ ಗುಣವಿದೆ: ಅದನ್ನು ಮೀಟರಿನಂತೆ ಓದಬಹುದು. ಮನೆಯ ಕರೆಂಟ್ ಮೀಟರನ್ನು ನೆನೆಸಿಕೊಳ್ಳಿ. ಅದು ಹಿಂದಕ್ಕೆ ಹೋಗುವುದಿಲ್ಲ, ಜಿಗಿಯುವುದೂ ಇಲ್ಲ, ಓಡುವ ವೇಗ ಮಾತ್ರ ಹೆಚ್ಚು ಕಡಿಮೆ ಆಗುತ್ತದೆ. ಎರಡು ದಿನದ ನಡುವೆ ಎಷ್ಟು ಉರಿಯಿತು ಎಂದು ತಿಳಿಯಲು ಇವತ್ತಿನ ರೀಡಿಂಗಿನಿಂದ ಅವತ್ತಿನ ರೀಡಿಂಗ್ ಕಳೆದರೆ ಸಾಕು.

ಹಾಗೇ ಪ್ರತಿ ಬಿಲ್ಲಿಗೂ ಒಂದು ಬಡ್ಡಿ ಮೀಟರು ಇದೆ ಎಂದುಕೊಳ್ಳಿ. ಗಡುವಿನ ದಿನ ಅದು ಸೊನ್ನೆಯಲ್ಲಿರುತ್ತದೆ. ಮೊದಲ ಮೂವತ್ತು ದಿನ ದಿನಕ್ಕೆ 12 ಅಂಕ ಓಡುತ್ತದೆ, ಅಲ್ಲಿಂದ ತೊಂಬತ್ತನೇ ದಿನದವರೆಗೆ 15, ಆಮೇಲೆ 18. ಮೂವತ್ತನೇ ದಿನದ ರೀಡಿಂಗ್ 360. ತೊಂಬತ್ತನೇ ದಿನ ಅದಕ್ಕೆ ಅರವತ್ತು ಹದಿನೈದಲಿ 900 ಸೇರಿ 1260. ನೂರನೇ ದಿನ ಇನ್ನೊಂದು 180 ಸೇರಿ 1440. ಮೀಟರಿಗೆ ಅಸಲು ಎಷ್ಟೆಂಬುದೂ ಗೊತ್ತಿಲ್ಲ, ಸದಸ್ಯ ಯಾರೆಂಬುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ದಿನ ಮಾತ್ರ. ಬಡ್ಡಿ ಬೇಕಾದಾಗ ರೀಡಿಂಗನ್ನು ಅಸಲಿನಿಂದ ಗುಣಿಸಿ 36,500ರಿಂದ ಭಾಗಿಸಬೇಕು. ಶೇಕಡಾದ ನೂರು, ವರ್ಷದ 365 ದಿನ, ಎರಡನ್ನೂ ಗುಣಿಸಿದ ಸಂಖ್ಯೆ ಅದು. ಅಧಿಕ ವರ್ಷದಲ್ಲಿ 366 ಹಾಕಬೇಕೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಯಾವಾಗಲೂ 365 ಎಂದು ನಿರ್ಣಯದಲ್ಲೇ ಬರೆದುಬಿಡಿ, ಅದಕ್ಕಿಂತ ಹೆಚ್ಚು ಯೋಚಿಸುವ ವಿಷಯವಲ್ಲ.

ಹಾಳೆಯಲ್ಲಿ ಮೀಟರು ಕೂರಿಸುವುದು ಹೀಗೆ. A2 ಗಡುವು, B2 ಹಣ ಬಂದ ದಿನ, C2 ಅಸಲು. D2ನಲ್ಲಿ ದಿನಗಳು, E2ನಲ್ಲಿ ರೀಡಿಂಗ್, F2ನಲ್ಲಿ ಬಡ್ಡಿ:

```
D2:  =MAX(0,B2-A2)
E2:  =12*D2+3*MAX(0,D2-30)+3*MAX(0,D2-90)
F2:  =ROUND(C2*E2/36500,0)
```

E2 ಸಾಲು ಮೊದಲ ನೋಟಕ್ಕೆ ವಿಚಿತ್ರ ಅನ್ನಿಸಬಹುದು. 15, 18 ಎಲ್ಲಿ ಹೋದವು? ಹೀಗೆ ಯೋಚಿಸಿ: ಹನ್ನೆರಡು ಎಂಬುದು ಮೊದಲ ದಿನದಿಂದ ಕೊನೆಯ ದಿನದವರೆಗೆ ಎಡೆಬಿಡದೆ ನಡೆಯುವ ಆಳು. ಮೂವತ್ತೊಂದನೇ ದಿನದಿಂದ ಅವನ ಜೊತೆ ಮೂರು ಎಂಬವನು ಸೇರಿಕೊಳ್ಳುತ್ತಾನೆ, ಇಬ್ಬರೂ ಸೇರಿ ಹದಿನೈದು. ತೊಂಬತ್ತೊಂದನೇ ದಿನದಿಂದ ಇನ್ನೊಬ್ಬ ಮೂರು ಬರುತ್ತಾನೆ, ಮೂವರೂ ಸೇರಿ ಹದಿನೆಂಟು. ಸೂತ್ರದಲ್ಲಿ ಬರೆಯುವುದು ಹೊಸದಾಗಿ ಸೇರಿದವನ ಪಾಲನ್ನು ಮಾತ್ರ. ತಪ್ಪಿ ಮೂರರ ಜಾಗದಲ್ಲಿ 15 ಮತ್ತು 18 ಬರೆದರೆ ನೂರು ದಿನದ ರೀಡಿಂಗ್ 1440ರ ಬದಲು 2430 ಬರುತ್ತದೆ. ಸೂತ್ರ ಬರೆದ ಕೂಡಲೇ ಒಂದು ಖಾಲಿ ಸಾಲಿನಲ್ಲಿ ಅಸಲು 36500, ದಿನ 100 ಹಾಕಿ ನೋಡಿ. ₹1,440 ಬಂದರೆ ಸರಿ. ಆಮೇಲೆ 30, 31, 90, 91 ಹಾಕಿ. 360, 375, 1260, 1278 ಬರಬೇಕು. ಅಂಚಿನಲ್ಲಿ ಜಿಗಿತ ಕಂಡರೆ ಸೂತ್ರ ಹಂತವಾರು ಅಲ್ಲ. ಬೇರೆಯವರು ಬರೆದಿಟ್ಟುಹೋದ ಹಾಳೆಯನ್ನೂ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರನ್ನೂ ಇದೇ ನಾಲ್ಕು ಸಂಖ್ಯೆಯಲ್ಲಿ ಪರೀಕ್ಷಿಸಬಹುದು.

ಮೀಟರಿನ ನಿಜವಾದ ಉಪಯೋಗ ತಿಳಿಯುವುದು ಯಾರಾದರೂ ಅರ್ಧಂಬರ್ಧ ಹಣ ಕಟ್ಟಿದಾಗ. ಅದೇ ವರ್ಷ ಇನ್ನೊಂದು ಫ್ಲ್ಯಾಟಿನವರು, ಅವರದೂ ₹36,500, ನಲವತ್ತೈದನೇ ದಿನವಾದ ಮೇ 25ರಂದು ₹16,500 ಕಟ್ಟಿದರು. ಮಗಳ ಕಾಲೇಜಿನ ಫೀಸು ಇತ್ತಂತೆ, ಉಳಿದದ್ದನ್ನು ಆಮೇಲೆ ಕೊಡುತ್ತೇನೆ ಎಂದರು. ಉಳಿದ ₹20,000 ಬಂದದ್ದು ನೂರನೇ ದಿನ, ಜುಲೈ 19ಕ್ಕೆ. ಬಡ್ಡಿ ಎಷ್ಟು?

ಮೀಟರು ಓದಿ. ನಲವತ್ತೈದನೇ ದಿನದ ರೀಡಿಂಗ್ 585: ಮೊದಲ ಮೂವತ್ತು ದಿನದ 360, ನಂತರದ ಹದಿನೈದು ದಿನದ 225. ಅಲ್ಲಿಯವರೆಗೆ ಪೂರ್ತಿ ₹36,500 ಬಾಕಿ ಇತ್ತು, ಆದ್ದರಿಂದ ಬಡ್ಡಿ ₹585. ನೂರನೇ ದಿನದ ರೀಡಿಂಗ್ 1440. ಎರಡರ ವ್ಯತ್ಯಾಸ 855. ಆ ಅವಧಿಯಲ್ಲಿ ಬಾಕಿ ಇದ್ದದ್ದು ₹20,000, ಆದ್ದರಿಂದ 20,000ವನ್ನು 855ರಿಂದ ಗುಣಿಸಿ 36,500ರಿಂದ ಭಾಗಿಸಿದರೆ ₹468.49. ಒಟ್ಟು ₹1,053.49. ಮಧ್ಯೆ ತೊಂಬತ್ತನೇ ದಿನ ದರ ಬದಲಾದದ್ದನ್ನು ನಾವು ಪ್ರತ್ಯೇಕವಾಗಿ ನೋಡಬೇಕಾಗಿಯೇ ಬರಲಿಲ್ಲ, ಅದನ್ನು ಮೀಟರು ತನ್ನೊಳಗೇ ಸೇರಿಸಿಕೊಂಡಿದೆ. ಎಷ್ಟು ಕಂತಿನಲ್ಲಿ ಕಟ್ಟಿದರೂ ಪ್ರತಿ ಕಂತಿನ ದಿನ ಒಂದು ರೀಡಿಂಗ್, ಹಿಂದಿನದನ್ನು ಕಳೆದು, ಆಗ ಉಳಿದಿದ್ದ ಅಸಲಿನಿಂದ ಗುಣಿಸುವುದು.

ಇಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ₹16,500 ಬಂದ ದಿನ ಉಳಿದ ₹20,000ಕ್ಕೆ ಹೊಸ ಸಾಲು ತೆರೆದು, ದಿನಗಳನ್ನು ಮತ್ತೆ ಒಂದರಿಂದ ಎಣಿಸತೊಡಗುತ್ತಾರೆ. ಆಗ ಐವತ್ತೈದು ದಿನದಲ್ಲಿ ಮೊದಲ ಮೂವತ್ತಕ್ಕೆ ಶೇ. 12, ಉಳಿದ ಇಪ್ಪತ್ತೈದಕ್ಕೆ ಶೇ. 15 ಬಿದ್ದು ರೀಡಿಂಗ್ 735 ಆಗುತ್ತದೆ. ಸ್ವಲ್ಪ ಹಣ ಕಟ್ಟಿದ್ದಕ್ಕೆ ದರವೂ ಇಳಿದಂತಾಗುತ್ತದೆ. ಇದು ಗೊತ್ತಾದರೆ ಚಾಲಾಕಿನವರು ಇಪ್ಪತ್ತೊಂಬತ್ತನೇ ದಿನ ನೂರು ರೂಪಾಯಿ ಕಟ್ಟಿ ಮೀಟರನ್ನು ಸೊನ್ನೆಗೆ ತಿರುಗಿಸುತ್ತಾರೆ. ಮೀಟರು ಬಿಲ್ಲಿನದು. ಬಿಲ್ಲು ತೀರುವವರೆಗೆ ಅದು ನಿಲ್ಲುವುದೂ ಇಲ್ಲ, ಹಿಂದಕ್ಕೆ ತಿರುಗುವುದೂ ಇಲ್ಲ.

ಬಂದ ಹಣವನ್ನು ಮೊದಲು ಬಡ್ಡಿಗೆ ಜಮೆ ಮಾಡಬೇಕೋ ಅಸಲಿಗೋ ಎಂಬುದು ಇನ್ನೊಂದು ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ನಾನು ಅಸಲಿಗೆ ಜಮೆ ಮಾಡಿದ್ದೇನೆ. ಬ್ಯಾಂಕಿನವರಂತೆ ಮೊದಲು ₹585 ಬಡ್ಡಿ ಮುರಿದುಕೊಂಡು ಉಳಿದ ₹15,915ನ್ನು ಅಸಲಿಗೆ ಹಾಕಿದ್ದರೆ, ₹20,585 ಅಸಲು ಉಳಿದು, ಕೊನೆಗೆ ಒಟ್ಟು ಬಡ್ಡಿ ₹1,067.20 ಆಗುತ್ತಿತ್ತು. ವ್ಯತ್ಯಾಸ ₹13.71. ಈ ಹದಿಮೂರು ರೂಪಾಯಿಗೂ ಒಂದು ಸಂಜೆ ಹಾಳಾಗಬಹುದು ಎಂಬುದನ್ನು ಅನುಭವದಿಂದ ಹೇಳುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 59ರಿಂದ 61ನೇ ಕಲಮುಗಳು ಇಂಥದ್ದರ ಬಗ್ಗೆಯೇ ಇವೆ. ಒಬ್ಬನ ಮೇಲೆ ಹಲವು ಬಾಕಿಗಳಿದ್ದಾಗ, ಕೊಡುವವನು ಇಂಥದ್ದಕ್ಕೆ ಎಂದು ಹೇಳಿ ಕೊಟ್ಟರೆ ಹಾಗೇ ಜಮೆ ಮಾಡಬೇಕು. ಅವನು ಹೇಳದಿದ್ದರೆ ಆಯ್ಕೆ ಪಡೆಯುವವನದು. ಇಬ್ಬರೂ ಸುಮ್ಮನಿದ್ದರೆ ಹಳೆಯ ಬಾಕಿಗೆ ಮೊದಲು. ನಮ್ಮ ಸಂಘ ಕೊನೆಗೆ ಹಳೆಯ ಬಿಲ್ಲಿಗೆ ಮೊದಲು, ಒಂದೇ ಬಿಲ್ಲಿನೊಳಗೆ ಅಸಲಿಗೆ ಮೊದಲು ಎಂದು ತೀರ್ಮಾನಿಸಿತು. ಬಡ್ಡಿಗೆ ಮೊದಲು ಎನ್ನುವ ಸಂಘಗಳೇ ಹೆಚ್ಚು, ಅದರಲ್ಲಿ ತಪ್ಪಿಲ್ಲ. ಅದು ಮೊದಲೇ ಬರೆದಿರಬೇಕು, ಅಷ್ಟೆ.

ಅಸಲು ಮತ್ತು ಬಡ್ಡಿಯನ್ನು ಬೇರೆ ಬೇರೆ ಕಾಲಮಿನಲ್ಲಿ ಇಟ್ಟುಕೊಳ್ಳುವುದು ಮಾತ್ರ ಯಾರಿಗೂ ಆಯ್ಕೆಯ ವಿಷಯವಲ್ಲ. ಬಹಳಷ್ಟು ಬಿಲ್ಲುಗಳಲ್ಲಿ "ಹಿಂದಿನ ಬಾಕಿ" ಎಂದು ಒಂದೇ ಅಂಕಿ ಇರುತ್ತದೆ. ಅದರೊಳಗೆ ಹಳೆಯ ಬಡ್ಡಿಯೂ ಸೇರಿಕೊಂಡಿರುತ್ತದೆ. ಮುಂದಿನ ಸಲ ಆ ಮೊತ್ತದ ಮೇಲೆ ಬಡ್ಡಿ ಹಾಕಿದಾಗ ಯಾರೂ ನಿರ್ಣಯ ಮಾಡದೆಯೇ ಚಕ್ರಬಡ್ಡಿ ಶುರುವಾಗಿರುತ್ತದೆ. ಕಂಡುಹಿಡಿಯುವುದು ಸುಲಭ. ಆರು ತಿಂಗಳಿಂದ ಒಂದು ಪೈಸೆ ಕಟ್ಟದವರ ಸಾಲು ತೆಗೆದು ನೋಡಿ. ಬಡ್ಡಿ ಲೆಕ್ಕಕ್ಕೆ ಹಿಡಿದ ಮೊತ್ತ ಮೂಲ ಬಿಲ್ಲಿಗಿಂತ ಹೆಚ್ಚಿದ್ದರೆ ಬಡ್ಡಿಯ ಮೇಲೆ ಬಡ್ಡಿ ಬೀಳುತ್ತಿದೆ ಎಂದೇ ಅರ್ಥ.

ಇದೇ ಒಟ್ಟು ಬಾಕಿಯ ಅಂಕಿ ಇನ್ನೊಂದು ಅನ್ಯಾಯವನ್ನೂ ಮಾಡುತ್ತದೆ. ಏಪ್ರಿಲ್ ಬಿಲ್ಲನ್ನೇ ಕಟ್ಟದವರಿಗೆ ಅಕ್ಟೋಬರ್ ಬಿಲ್ಲೂ ಬಾಕಿಯಾಯಿತು ಎನ್ನಿ. ಅಕ್ಟೋಬರ್ 20ಕ್ಕೆ ಏಪ್ರಿಲ್ ಬಿಲ್ಲಿನ ಮೀಟರು ದಿನಕ್ಕೆ 18ರ ವೇಗದಲ್ಲಿ ಓಡುತ್ತಿದೆ, ಅಕ್ಟೋಬರ್ ಬಿಲ್ಲಿನ ಮೀಟರು ಹುಟ್ಟಿ ಹತ್ತೇ ದಿನ, ಅದರ ವೇಗ 12. ಮನುಷ್ಯ ಹಳೆಯ ಸುಸ್ತಿದಾರ ಎಂದು ಎರಡನ್ನೂ ಕೂಡಿಸಿ ₹73,000ಕ್ಕೆ ಶೇ. 18 ಹಚ್ಚಿದರೆ ದಿನಕ್ಕೆ ₹30 ಆಗಬೇಕಾದ್ದು ₹36 ಆಗುತ್ತದೆ. ಹಾಳೆಯಲ್ಲಿ ಒಬ್ಬ ಸದಸ್ಯನಿಗೆ ಒಂದು ಸಾಲು ಎಂದಿದ್ದರೆ ಈ ತಪ್ಪು ತಪ್ಪಿದ್ದಲ್ಲ. ಒಂದು ಬಿಲ್ಲಿಗೆ ಒಂದು ಸಾಲು ಇರಬೇಕು.

ತಾರೀಖುಗಳ ವಿಷಯ ಹೇಳದೆ ಮುಂದೆ ಹೋದರೆ ಈ ಸೂತ್ರಗಳೆಲ್ಲ ವ್ಯರ್ಥ. ಹಾಳೆಯೊಳಗೆ ತಾರೀಖು ಎಂದರೆ ಒಂದು ಸಂಖ್ಯೆ, ಹಾಗಾಗಿಯೇ ಒಂದರಿಂದ ಒಂದು ಕಳೆದರೆ ದಿನಗಳು ಬರುತ್ತವೆ. ಆದರೆ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟಿನಿಂದ 09/05/2025 ಎಂದು ತಂದು ಹಾಕಿದರೆ ನಿಮಗೆ ಅದು ಮೇ 9, ಅದಕ್ಕೆ ಸೆಪ್ಟೆಂಬರ್ 5. ಇಪ್ಪತ್ತೊಂಬತ್ತು ದಿನ ನೂರ ನಲವತ್ತೆಂಟಾಗಿ, ₹348 ಬಡ್ಡಿ ₹2,304 ಆಗುತ್ತದೆ. ಗಡುವಿನ ತಾರೀಖೇ ಹೀಗೆ ತಿರುಗಿದರೆ ಇನ್ನೂ ಮೋಸ: 10/04/2025 ಅಕ್ಟೋಬರ್ 4 ಆಗಿ, ದಿನಗಳು ಋಣ ಸಂಖ್ಯೆಯಾಗಿ, ನಮ್ಮದೇ MAX ಅದನ್ನು ಸೊನ್ನೆ ಮಾಡಿ, ಬಡ್ಡಿ ಇಲ್ಲವೇ ಇಲ್ಲ ಎನ್ನುತ್ತದೆ. ಹೆಚ್ಚು ಬಿದ್ದರೆ ಸದಸ್ಯರು ಬಂದು ಕೇಳುತ್ತಾರೆ. ಸೊನ್ನೆ ಬಿದ್ದರೆ ಯಾರೂ ಬರುವುದಿಲ್ಲ.

ಗುರುತು ಹೇಳುತ್ತೇನೆ. ಇಂಥ ಕಂಪ್ಯೂಟರಿನಲ್ಲಿ ತಿಂಗಳ 12ನೇ ತಾರೀಖಿನವರೆಗಿನವು ಮಾತ್ರ ತಿರುಗುತ್ತವೆ. 13ರ ನಂತರದ್ದನ್ನು ಅದು ತಾರೀಖು ಎಂದೇ ಒಪ್ಪುವುದಿಲ್ಲ, ಏಕೆಂದರೆ ಹದಿಮೂರನೇ ತಿಂಗಳಿಲ್ಲ. ಅವು ಬರಿಯ ಅಕ್ಷರಗಳಾಗಿ ಕೋಶದ ಎಡಕ್ಕೆ ಅಂಟಿಕೊಂಡು ಕೂರುತ್ತವೆ, ನಿಜವಾದ ತಾರೀಖುಗಳು ಬಲಕ್ಕೆ. ಒಂದೇ ಕಾಲಮಿನಲ್ಲಿ ಕೆಲವು ಎಡಕ್ಕೆ ಕೆಲವು ಬಲಕ್ಕೆ ಕಂಡರೆ ಬಲಕ್ಕಿರುವವೂ ತಪ್ಪಿರುವ ಸಾಧ್ಯತೆ ಇದೆ. ಇಡೀ ಕಾಲಮನ್ನು ತಿಂಗಳ ಹೆಸರು ಕಾಣುವಂತೆ, 09-May-2025 ಎಂಬ ರೂಪಕ್ಕೆ ಬದಲಾಯಿಸಿ ಕಣ್ಣಾಡಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ದರದ ಬಗ್ಗೆ. ಬೈಲಾದಲ್ಲಿ ಅಥವಾ ಮಹಾಸಭೆಯ ನಿರ್ಣಯದಲ್ಲಿ ಇಲ್ಲದ ದರವನ್ನು ಕಾರ್ಯಕಾರಿ ಸಮಿತಿ ತಾನಾಗಿ ಹಾಕಬಾರದು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ ಬಹುಕಾಲ ವರ್ಷಕ್ಕೆ ಶೇ. 21ರ ಮಿತಿ ಇತ್ತು, ಅದೂ ಸರಳ ಬಡ್ಡಿ. ನಮ್ಮಲ್ಲಿ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದರ ಮೇಲೆ ಬೈಲಾ ಬೇರೆ ಬೇರೆ ಇರುತ್ತದೆ. ಕೆಲವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ, ಕೆಲವು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ. ನಿಮ್ಮದನ್ನೇ ತೆಗೆದು ಓದಬೇಕು. ಏರುವ ದರಕ್ಕೆ ಇನ್ನೊಂದು ಎಚ್ಚರವಿದೆ. ಕರಾರು ಕಾಯ್ದೆಯ 74ನೇ ಕಲಮಿನ ವಿವರಣೆಯ ಪ್ರಕಾರ, ತಪ್ಪಿದ ದಿನದಿಂದ ಹೆಚ್ಚಿನ ಬಡ್ಡಿ ಎಂಬ ಷರತ್ತನ್ನು ದಂಡ ಎಂದು ಪರಿಗಣಿಸಬಹುದು. ದಂಡ ಎಂದಾದರೆ ನ್ಯಾಯಾಲಯ ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ, ಕಾಗದದಲ್ಲಿ ಬರೆದ ಪೂರಾ ಮೊತ್ತವನ್ನಲ್ಲ. ವಿಷಯ ಅಲ್ಲಿಯವರೆಗೆ ಹೋದರೆ, ದಿನ ದಿನಕ್ಕೆ ಮೆಲ್ಲಗೆ ಏರುವ ಲೆಕ್ಕವನ್ನು ಸಮರ್ಥಿಸುವುದಕ್ಕಿಂತ ಒಂದು ರಾತ್ರಿಯಲ್ಲಿ ₹288 ಜಿಗಿಯುವ ಲೆಕ್ಕವನ್ನು ಸಮರ್ಥಿಸುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ನಾವು ಹೊಸ ನಿರ್ಣಯವನ್ನು ಹೀಗೆ ಬರೆದೆವು: "ಗಡುವಿನ ಮರುದಿನವನ್ನು ಮೊದಲ ದಿನವಾಗಿ ಎಣಿಸಿ, ಪ್ರತಿ ಬಿಲ್ಲಿನ ಬಾಕಿ ಅಸಲಿನ ಮೇಲೆ, 1ರಿಂದ 30ನೇ ದಿನದವರೆಗಿನ ದಿನಗಳಿಗೆ ವಾರ್ಷಿಕ ಶೇ. 12, 31ರಿಂದ 90ನೇ ದಿನದವರೆಗಿನ ದಿನಗಳಿಗೆ ವಾರ್ಷಿಕ ಶೇ. 15, 91ನೇ ದಿನದಿಂದ ಮುಂದಿನ ದಿನಗಳಿಗೆ ವಾರ್ಷಿಕ ಶೇ. 18ರಂತೆ ಸರಳ ಬಡ್ಡಿ. ವರ್ಷಕ್ಕೆ 365 ದಿನ. ಚೆಕ್ಕಾದರೆ ಡಬ್ಬಿಯ ರಿಜಿಸ್ಟರಿನ ತಾರೀಖು, ಆನ್‌ಲೈನ್ ಆದರೆ ಸಂಘದ ಖಾತೆಗೆ ಜಮೆಯಾದ ತಾರೀಖು." ಇದರ ಕೆಳಗೆ ಉದಾಹರಣೆಯಾಗಿ ₹36,500ಕ್ಕೆ ನೂರು ದಿನದ ಲೆಕ್ಕವನ್ನು ಮೂರು ಸಾಲಿನಲ್ಲಿ ಬರೆದೆವು. "ದಿನಗಳಿಗೆ" ಎಂಬ ಪದ ಮೂರು ಸಲ ಬಂದಿದೆ, ಓದಲು ಚೆನ್ನಾಗಿಲ್ಲ ಎಂದು ಕಾರ್ಯದರ್ಶಿಗಳು ಗೊಣಗಿದರು. ಅದನ್ನು ತೆಗೆದರೆ ಮತ್ತೆ ಎರಡು ಓದು ಹುಟ್ಟುತ್ತವೆ ಎಂದು ಹೇಳಿ ಉಳಿಸಿಕೊಂಡೆ.

ಆ ವರ್ಷ ಪೂರಾ ದರದಲ್ಲಿ ಹಾಕಿದ್ದ ಬಡ್ಡಿಯನ್ನೆಲ್ಲ ಮತ್ತೆ ಲೆಕ್ಕ ಮಾಡಬೇಕಾಯಿತು. ಇದರಲ್ಲಿ ಒಂದು ನೆಮ್ಮದಿ ಇತ್ತು. ದರ ಏರುತ್ತಲೇ ಹೋಗುವ ಕಡೆ ಹಂತವಾರು ಮೊತ್ತ ಪೂರಾ ದರದ ಮೊತ್ತವನ್ನು ಎಂದೂ ಮೀರುವುದಿಲ್ಲ. ನೂರು ದಿನಕ್ಕೆ ಅದು ₹1,800, ಇದು ₹1,440. ಹಾಗಾಗಿ ತಿದ್ದುಪಡಿಯಿಂದ ಯಾರ ಮನೆಗೂ ಹೋಗಿ ಇನ್ನಷ್ಟು ಕೊಡಿ ಎಂದು ಕೇಳಬೇಕಾಗಿರಲಿಲ್ಲ. ಮೂವತ್ತು ದಿನದೊಳಗೆ ಕಟ್ಟಿದವರ ಲೆಕ್ಕ ಬದಲಾಗಲಿಲ್ಲ. ಉಳಿದವರಿಗೆ ಅಕ್ಟೋಬರ್ ಬಿಲ್ಲಿನಲ್ಲಿ "ಹಿಂದಿನ ಬಡ್ಡಿ ತಿದ್ದುಪಡಿ" ಎಂಬ ಪ್ರತ್ಯೇಕ ಸಾಲಿನಲ್ಲಿ ಜಮೆ ಕೊಟ್ಟೆವು.

ಮೂರನೇ ಮಹಡಿಯವರಿಗೆ ಬಂದದ್ದು ₹117. ಬಿಲ್ಲು ಕೈಗೆ ಕೊಟ್ಟಾಗ ಆಕೆ ಆ ಸಾಲನ್ನು ಒಮ್ಮೆ ನೋಡಿ, ಮೇಲಿನಿಂದ ಕೆಳಗೆ ಬೆರಳಿಟ್ಟು ಒಟ್ಟು ಮೊತ್ತವನ್ನು ಬಾಯಲ್ಲೇ ಕೂಡಿಸಿ ನೋಡಿದರು. "ಈಗ ಸರಿ ಇದೆ," ಎಂದು ಬಿಲ್ಲು ಮಡಚಿ ಚೀಲಕ್ಕೆ ಹಾಕಿಕೊಂಡು, "ಆ ಡಬ್ಬಿಯನ್ನ ದಿನಾ ತೆಗೀತೀರಾ ಈಗ?" ಎಂದು ಕೇಳಿದರು.